ಕದ್ದ ವಿಡಿಯೊ, ಕೊಟ್ಟ ದೂರು: ಈಗ ಯಾರ ಸರದಿ?

ಯೂಟ್ಯೂಬ್‌ನಲ್ಲಿ ಅಡುಗೆಯದೋ ಕೃಷಿಯದೋ ಯಕ್ಷಗಾನದ್ದೋ ಚಾನೆಲ್ ನಡೆಸುವವರು ಆಗಾಗ ನೋಡುಗರಲ್ಲಿ ಒಂದು ಮನವಿ ಮಾಡಿಕೊಳ್ಳುತ್ತಾರೆ: "ನಮ್ಮ ವಿಡಿಯೊವನ್ನು ಬೇರೆಯವರು ಕದ್ದು ಹಾಕಿಕೊಂಡಿದ್ದಾರೆ. ದಯವಿಟ್ಟು ಎಲ್ಲರೂ ಹೋಗಿ ಆ ಚಾನೆಲ್‌ಗೆ ರಿಪೋರ್ಟ್ ಹೊಡೆಯಿರಿ." ಅಭಿಮಾನಿಗಳು ಸಿಟ್ಟಿನಿಂದಲೇ ಹೋಗಿ ರಿಪೋರ್ಟ್ ಒತ್ತುತ್ತಾರೆ. ಕದ್ದ ವಿಡಿಯೊ ಮಾತ್ರ ಇದ್ದಲ್ಲೇ ಇರುತ್ತದೆ. ಯೂಟ್ಯೂಬ್ ಕಳ್ಳರ ಪರ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ನಿಜವಾದ ಕಾರಣ ಬೇರೆ. ಕಾಪಿರೈಟ್ ದೂರು ಕೊಡುವ ಅಧಿಕಾರವಿರುವುದು ವಿಡಿಯೊದ ಹಕ್ಕುದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟ ಪ್ರತಿನಿಧಿಗೆ ಮಾತ್ರ. ಉಳಿದವರು ಸಾವಿರ ಮಂದಿ ಸೇರಿದರೂ ಅದು ಒಂದು ಕಾಪಿರೈಟ್ ದೂರಾಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ದೂರು ಕೊಟ್ಟ ಮೇಲೆ ಯೂಟ್ಯೂಬ್ ಎರಡೂ ವಿಡಿಯೊ ನೋಡಿ, ಇದು ಇವರದ್ದು, ಅದು ಕದ್ದದ್ದು ಎಂದು ತೀರ್ಪು ಕೊಡುತ್ತದೆ ಎಂದು ಬಹಳ ಜನ ಭಾವಿಸಿದ್ದಾರೆ. ಹಾಗಲ್ಲ. ದೂರಿನಲ್ಲಿ ಇರಬೇಕಾದ ವಿವರಗಳೆಲ್ಲ ಇವೆಯೇ, ಮೇಲ್ನೋಟಕ್ಕೆ ಅದು ಸರಿಯಾಗಿದೆಯೇ ಎಂದಷ್ಟೇ ಯೂಟ್ಯೂಬ್ ಪರಿಶೀಲಿಸುತ್ತದೆ. ಆಮೇಲೆ ಅದರ ಕೆಲಸ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸಿ, ಗಡುವು ಮುಗಿದಾಗ ಮುಂದಿನ ಹೆಜ್ಜೆ ಇಡುವುದು. ಮಾಲೀಕತ್ವದ ಜಗಳ ಮುಂದುವರಿದರೆ ಅದನ್ನು ತೀರ್ಮಾನಿಸುವುದು ನ್ಯಾಯಾಲಯ. ಈ ವ್ಯವಸ್ಥೆಯ ಬೇರು 1998ರ ಅಮೆರಿಕದ ಡಿಜಿಟಲ್ ಕಾಪಿರೈಟ್ ಕಾಯ್ದೆಯಲ್ಲಿದೆ. ಅದರ 512ನೇ ಸೆಕ್ಷನ್ ಪ್ರಕಾರ, ಸರಿಯಾದ ದೂರು ಬಂದೊಡನೆ ವಿಡಿಯೊ ತೆಗೆಯುವ, ಸರಿಯಾದ ಪ್ರತಿವಾದ ಬಂದರೆ ಅದನ್ನು ಮರಳಿ ಹಾಕುವ ತಾಣಕ್ಕೆ ಬಳಕೆದಾರರ ತಪ್ಪಿನ ಹೊಣೆ ತಟ್ಟುವುದಿಲ್ಲ. ಹೀಗಾಗಿ ದೂರಿನ ಮುಂದೆ ಕಾಣುವ ಸ್ಥಿತಿಯ ಒಂದೊಂದು ಪದವೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತದೆ: ಈಗ ಯಾರ ಸರದಿ, ಎಷ್ಟು ದಿನದೊಳಗೆ? ಇದನ್ನು ಓದಲು ಬಂದರೆ ಅರ್ಧ ಆತಂಕ ತಾನೇ ಕಡಿಮೆಯಾಗುತ್ತದೆ.

ನಕಲು ಕಣ್ಣಿಗೆ ಬೀಳುವ ಬಗೆ

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶಿರಸಿ ಹತ್ತಿರದ ಹಳ್ಳಿಯ ಒಬ್ಬ ಮಹಿಳೆ ಹಲಸಿನ ಹಪ್ಪಳ ಮಾಡುವ 12 ನಿಮಿಷದ ವಿಡಿಯೊವನ್ನು ಏಪ್ರಿಲ್ 10ರಂದು ಹಾಕಿದರು ಎಂದುಕೊಳ್ಳಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದು ಮೂರು ಕಡೆ ಕಾಣಿಸಿಕೊಂಡಿದೆ. ಒಂದು ಚಾನೆಲ್ ಇಡೀ ವಿಡಿಯೊವನ್ನು ಹೊಸ ಶೀರ್ಷಿಕೆ ಕೊಟ್ಟು ಹಾಕಿಕೊಂಡಿದೆ. ಎರಡನೆಯದು ಅಡುಗೆ ವಿಡಿಯೊಗಳ ಗುಣದೋಷ ಹೇಳುವ ಚಾನೆಲ್. ಅದು ಹಿಟ್ಟು ನಾದುವ 40 ಸೆಕೆಂಡಿನ ತುಣುಕು ತೋರಿಸಿ ತನ್ನ ಅಭಿಪ್ರಾಯ ಹೇಳಿದೆ. ಮೂರನೆಯದು ದೃಶ್ಯವನ್ನು ಎಡ ಬಲ ತಿರುಗಿಸಿ, ಅಂಚು ಕತ್ತರಿಸಿ, ಮೂಲ ಧ್ವನಿ ತೆಗೆದು ಬೇರೆ ಸಂಗೀತ ಸೇರಿಸಿದೆ.

ಮೊದಲನೆಯದನ್ನು ಹುಡುಕಿಕೊಡುವುದು ಕಾಪಿರೈಟ್ ಮ್ಯಾಚ್ ಟೂಲ್. ಯೂಟ್ಯೂಬ್ ಇದನ್ನು 2018ರ ಜುಲೈನಲ್ಲಿ ಆರಂಭಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದ ಚಾನೆಲ್‌ಗಳಿಗಷ್ಟೇ ಕೊಟ್ಟಿತ್ತು. ಈಗ ಹಣ ಗಳಿಕೆಯ ಕಾರ್ಯಕ್ರಮಕ್ಕೆ ಸೇರಿದವರಿಗೂ, ಹಿಂದೆ ಒಂದು ಸಮರ್ಪಕ ದೂರು ಕೊಟ್ಟವರಿಗೂ ಸಿಗುತ್ತದೆ. ನಿಮ್ಮ ವಿಡಿಯೊ ಪ್ರಕಟವಾದ ಮೇಲೆ ಬೇರೆಯವರು ಹಾಕಿದ ವಿಡಿಯೊಗಳನ್ನು ಇದು ಅದರ ಜೊತೆ ಹೋಲಿಸಿ, ಪೂರ್ತಿಯಾಗಿ ಅಥವಾ ಹೆಚ್ಚುಕಡಿಮೆ ಪೂರ್ತಿಯಾಗಿ ಹೊಂದುವವನ್ನು ಯೂಟ್ಯೂಬ್ ಸ್ಟುಡಿಯೊದ Matches ಪಟ್ಟಿಯಲ್ಲಿ ತೋರಿಸುತ್ತದೆ. ನಕಲು ಹಾಕಿದ ಚಾನೆಲ್ ಯಾವುದು, ಎಂದು ಹಾಕಿತು, ಎಷ್ಟು ಜನ ನೋಡಿದರು, ನಿಮ್ಮ ವಿಡಿಯೊದ ಶೇಕಡಾ ಎಷ್ಟು ಭಾಗ ಅದರಲ್ಲಿದೆ ಎಂಬುದೆಲ್ಲ ಅಲ್ಲಿರುತ್ತದೆ.

ಈ ಹೋಲಿಕೆಗೆ ದಿನಾಂಕವೇ ಆಧಾರ. ಸ್ವಂತ ವಿಡಿಯೊವನ್ನು ಮೊದಲು ವಾಟ್ಸಾಪ್‌ನಲ್ಲಿ ಹಂಚಿ, ವಾರ ಬಿಟ್ಟು ಯೂಟ್ಯೂಬ್‌ಗೆ ಹಾಕುವವರಿಗೆ ತೊಂದರೆಯಾಗುವುದು ಇಲ್ಲೇ. ಅಷ್ಟರಲ್ಲಿ ಇನ್ನೊಬ್ಬರು ಅದನ್ನು ಹಾಕಿಬಿಟ್ಟಿದ್ದರೆ ಯಂತ್ರದ ಲೆಕ್ಕದಲ್ಲಿ ಅವರೇ ಮೊದಲಿಗರು. ಮಾಲೀಕತ್ವ ಇದರಿಂದ ಅವರಿಗೆ ಹೋಗುವುದಿಲ್ಲ, ಆದರೆ ನಕಲನ್ನು ಹುಡುಕಿ ತೋರಿಸುವ ನೆರವು ನಿಮಗೆ ಸಿಗದು.

ಮಿತಿಗಳೂ ಇವೆ. 40 ಸೆಕೆಂಡಿನ ತುಣುಕು ಈ ಪಟ್ಟಿಗೆ ಬರದೇ ಹೋಗಬಹುದು. ತಿರುಗಿಸಿ ಕತ್ತರಿಸಿದ ಮೂರನೆಯದೂ ತಪ್ಪಿಸಿಕೊಳ್ಳಬಹುದು. ಅಂಥದ್ದನ್ನು ಯಾರಾದರೂ ನೋಡುಗರೇ ಹೇಳಬೇಕು. ಅಭಿಮಾನಿಗಳಿಂದ ನಿಜವಾಗಿ ಸಿಗಬಹುದಾದ ಉಪಕಾರವೆಂದರೆ ಇದೇ: ರಿಪೋರ್ಟ್ ಒತ್ತುವ ಬದಲು ನಕಲಿನ ಲಿಂಕ್ ಕಳಿಸಿಕೊಡುವುದು.

ದೂರಿಗೆ ಮೊದಲು ಯೋಚನೆ

ಪಟ್ಟಿಯಲ್ಲಿ ಬಂದದ್ದೆಲ್ಲ ಕಳವಲ್ಲ. ಆ ಮಹಿಳೆಯೇ ಯಾವುದೋ ಸ್ವಸಹಾಯ ಸಂಘದ ಚಾನೆಲ್‌ಗೆ ಬಳಸಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದಿರಬಹುದು. ಅದಕ್ಕೇ ಯಂತ್ರ ತಾನಾಗಿ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ. ಸುಮ್ಮನೆ ಬಿಡಬಹುದು, ಪಟ್ಟಿಯಿಂದ ಬದಿಗಿಡಬಹುದು, ಆ ಚಾನೆಲ್‌ಗೆ ಸಂದೇಶ ಕಳಿಸಬಹುದು ಅಥವಾ ತೆಗೆಸಲು ದೂರು ಕೊಡಬಹುದು. ತೀರ್ಮಾನ ಹಕ್ಕುದಾರರದ್ದು.

ಎರಡನೆಯ ವಿಡಿಯೊ ನೋಡಿ. ವಿಮರ್ಶೆಗಾಗಿ ಬಳಸಿದ ಚಿಕ್ಕ ತುಣುಕದು. ಭಾರತದ ಕಾಪಿರೈಟ್ ಕಾಯ್ದೆ, 1957ರ 52ನೇ ಸೆಕ್ಷನ್ ವಿಮರ್ಶೆಗೆ, ಪ್ರಚಲಿತ ವಿದ್ಯಮಾನಗಳ ವರದಿಗೆ ನ್ಯಾಯಯುತ ಬಳಕೆಯ ಅವಕಾಶ ಕೊಟ್ಟಿದೆ. ಅಮೆರಿಕದಲ್ಲೂ ಇಂಥ ವಿನಾಯಿತಿ ಇದೆ. 2007ರಲ್ಲಿ ಅಲ್ಲಿನ ತಾಯಿಯೊಬ್ಬರು ಪುಟ್ಟ ಮಗು ಕುಣಿಯುವ 29 ಸೆಕೆಂಡಿನ ವಿಡಿಯೊ ಹಾಕಿದ್ದರು. ಹಿನ್ನೆಲೆಯಲ್ಲಿ ಗಾಯಕ ಪ್ರಿನ್ಸ್ ಅವರ ಹಾಡು ಅಸ್ಪಷ್ಟವಾಗಿ ಕೇಳಿಸುತ್ತಿತ್ತು. ಯೂನಿವರ್ಸಲ್ ಮ್ಯೂಸಿಕ್ ದೂರು ಕೊಟ್ಟು ಅದನ್ನು ತೆಗೆಸಿತು. ತಾಯಿ ಪ್ರತಿವಾದ ಸಲ್ಲಿಸಿ ವಿಡಿಯೊ ಮರಳಿ ಪಡೆದರು, ಆಮೇಲೆ ನ್ಯಾಯಾಲಯಕ್ಕೂ ಹೋದರು. ದೂರು ಕೊಡುವವರು ಅದಕ್ಕೂ ಮೊದಲೇ, ಆ ಬಳಕೆ ನ್ಯಾಯಯುತವೇ ಎಂದು ಯೋಚಿಸಲೇಬೇಕು ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನಮ್ಮ ಮಹಿಳೆ ಎರಡನೆಯ ವಿಡಿಯೊವನ್ನು ಬಿಟ್ಟುಬಿಡುವುದು ಸರಿಯಾದ ನಿರ್ಧಾರ. ವಿಮರ್ಶೆ ಕಹಿಯಾಗಿತ್ತೆಂಬುದು ಕಾಪಿರೈಟ್ ದೂರಿಗೆ ಕಾರಣವಾಗದು.

ಹಕ್ಕು ತನ್ನದು ಹೌದೇ ಎಂಬುದನ್ನೂ ಕೇಳಿಕೊಳ್ಳಬೇಕು. ಅಡುಗೆ ವಿಡಿಯೊದಲ್ಲಿ ಕ್ಯಾಮೆರಾ, ಧ್ವನಿ, ಕೈಗೆಲಸ ಎಲ್ಲ ತನ್ನದೇ ಆಗಿರುವುದರಿಂದ ಉತ್ತರ ಸುಲಭ. ಹಪ್ಪಳ ಮಾಡುವ ವಿಧಾನದ ಮೇಲೆ ಮಾತ್ರ ಯಾರಿಗೂ ಕಾಪಿರೈಟ್ ಇಲ್ಲ. ಅದೇ ಹಪ್ಪಳವನ್ನು ಇನ್ನೊಬ್ಬರು ತಾವೇ ಮಾಡಿ ಚಿತ್ರೀಕರಿಸಿದರೆ ದೂರಿಗೆ ಜಾಗವಿಲ್ಲ. ಯಕ್ಷಗಾನದಲ್ಲಿ ಉತ್ತರ ಇಷ್ಟು ಸುಲಭವಲ್ಲ. ಬಯಲಾಟ ನೋಡಲು ಹೋದವರು ಫೋನಿನಲ್ಲಿ ಭಾಗವತರ ಹಾಡು ಹಿಡಿದುಕೊಂಡು ಬಂದು ಹಾಕುತ್ತಾರೆ. ಅದನ್ನು ಇನ್ನೊಬ್ಬರು ಎತ್ತಿಕೊಂಡರೆ ನನ್ನದು ಕದ್ದರೆಂದು ದೂರುತ್ತಾರೆ. ಆದರೆ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಕಾಯ್ದೆಯ 38ನೇ ಸೆಕ್ಷನ್ ಪ್ರತ್ಯೇಕ ಹಕ್ಕು ಕೊಟ್ಟಿದೆ. ಮೇಳದ, ಕಲಾವಿದರ ಒಪ್ಪಿಗೆ ಇಲ್ಲದೆ ಹಿಡಿದ ವಿಡಿಯೊದ ಮೇಲೆ ನಿಂತು ದೂರು ಕೊಡುವವರ ಕಾಲಡಿಯ ನೆಲ ಅಷ್ಟು ಗಟ್ಟಿಯಲ್ಲ.

ಅರ್ಜಿಯಲ್ಲಿ ಏನಿರಬೇಕು

ಮೊದಲನೆಯದು ಮತ್ತು ಮೂರನೆಯದರ ಮೇಲೆ ದೂರು ಕೊಡಲು ಮಹಿಳೆ ನಿರ್ಧರಿಸಿದರು ಎಂದಿಟ್ಟುಕೊಳ್ಳೋಣ. ಮ್ಯಾಚ್ ಪಟ್ಟಿಯಲ್ಲಿ ಬಂದ ಮೊದಲನೆಯದಕ್ಕೆ ಹೆಚ್ಚಿನ ವಿವರ ತಾನಾಗಿ ತುಂಬಿಕೊಳ್ಳುತ್ತದೆ. ಮೂರನೆಯದಕ್ಕೆ ಅರ್ಜಿಯನ್ನು ಕೈಯಾರೆ ತುಂಬಬೇಕು. ತನ್ನ ಮೂಲ ವಿಡಿಯೊದ ಲಿಂಕ್, ನಕಲಿನ ಲಿಂಕ್, ಒಂದು ಭಾಗವಷ್ಟೇ ಕದ್ದಿದ್ದರೆ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷ ಎಂಬುದು, ವಿಳಾಸ, ಫೋನ್, ಇಮೇಲ್, ಕೊನೆಗೆ ಸಹಿಯ ಬದಲು ಕಾನೂನುಬದ್ಧ ಪೂರ್ಣ ಹೆಸರು ಬೇಕು.

ದೂರು ಮರಳಿ ಬರುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೇ. ಕೆಲವರು ಇಡೀ ಚಾನೆಲ್‌ನ ಲಿಂಕ್ ಕೊಡುತ್ತಾರೆ. ತೆಗೆಯಬೇಕಾದ ಒಂದೊಂದು ವಿಡಿಯೊದ ಲಿಂಕನ್ನೂ ಬೇರೆ ಬೇರೆಯಾಗಿ ಕೊಡಬೇಕು. ಇನ್ನು ಕೆಲವರು ಕೃತಿಯ ಹೆಸರಿನ ಜಾಗದಲ್ಲಿ "ನನ್ನ ವಿಡಿಯೊ" ಎಂದು ಬರೆದು ಮುಗಿಸುತ್ತಾರೆ. ಯಾವ ವಿಡಿಯೊ ಎಂದು ಓದಿದವರಿಗೆ ಗೊತ್ತಾಗುವಂತೆ ಅದರ ಶೀರ್ಷಿಕೆಯನ್ನೇ ಬರೆಯಬೇಕು.

ಒಂದು ವಿಷಯ ಮೊದಲೇ ಗೊತ್ತಿರಬೇಕು. ಹಕ್ಕುದಾರರೆಂದು ನೀವು ಬರೆದ ಹೆಸರು, ತೆಗೆದ ವಿಡಿಯೊದ ಜಾಗದಲ್ಲಿ ಎಲ್ಲರಿಗೂ ಕಾಣುತ್ತದೆ. ಎದುರಿನವರು ಸಂಪರ್ಕಿಸಲು ಒಂದು ಇಮೇಲ್ ವಿಳಾಸವೂ ಅವರಿಗೆ ಹೋಗುತ್ತದೆ. ಅದಕ್ಕಾಗಿ ಎರಡನೆಯ ಇಮೇಲ್ ವಿಳಾಸ ಕೊಡುವ ಅವಕಾಶವಿದೆ, ಬ್ಯಾಂಕು, ಆಧಾರ್‌ಗೆ ಜೋಡಿಸಿದ ಇಮೇಲ್ ಬಳಸದಿರುವುದು ಜಾಣತನ.

ಅರ್ಜಿಯಲ್ಲಿ ಮಾಡುವ ಒಂದು ಆಯ್ಕೆ ಇಡೀ ಪ್ರಕರಣದ ಹಾದಿಯನ್ನೇ ಬದಲಿಸುತ್ತದೆ. ಕೂಡಲೇ ತೆಗೆಯಿರಿ ಎನ್ನಬಹುದು, ಇಲ್ಲವೇ 7 ದಿನದ ಗಡುವು ಕೊಡಬಹುದು. ಗಡುವು ಕೊಟ್ಟರೆ ಅಪ್‌ಲೋಡ್ ಮಾಡಿದವರಿಗೆ ಸೂಚನೆ ಹೋಗುತ್ತದೆ. ಅವರು ಅಷ್ಟರೊಳಗೆ ತಾವೇ ವಿಡಿಯೊ ತೆಗೆದರೆ ಅವರ ಚಾನೆಲ್‌ಗೆ ಸ್ಟ್ರೈಕ್ ಬೀಳುವುದಿಲ್ಲ. ಸ್ಟ್ರೈಕ್ ಎಂದರೆ ಕಾಪಿರೈಟ್ ಉಲ್ಲಂಘನೆಯ ದಾಖಲೆ. ಅದು 90 ದಿನ ಇರುತ್ತದೆ. ಆ ಅವಧಿಯಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲನ್ನೇ ಮುಚ್ಚಬಹುದು. ಮೊದಲ ಸಲ ನಕಲು ಹಾಕಿದ ಸಣ್ಣ ಚಾನೆಲ್‌ಗೆ ಗಡುವು ಕೊಡುವುದು ಮಾನವೀಯ. ಪದೇ ಪದೇ ಕದಿಯುವವರಿಗೆ ಕೂಡಲೇ ತೆಗೆಯುವ ಆಯ್ಕೆಯೇ ಸರಿ. ಮುಂದೆ ಅದೇ ವಿಡಿಯೊದ ನಕಲುಗಳನ್ನು ತಡೆಯಲು ಯತ್ನಿಸಿ ಎಂಬ ಗುರುತೂ ಅಲ್ಲೇ ಇದೆ.

ಸ್ಥಿತಿಯನ್ನು ಓದುವ ಬಗೆ

ದೂರು ಸೇರಿದೊಡನೆ ಇಮೇಲ್ ಬರುತ್ತದೆ. ಮುಂದಿನದ್ದೆಲ್ಲ ಸ್ಟುಡಿಯೊದ ಕಾಪಿರೈಟ್ ವಿಭಾಗದ Removal requests ಪಟ್ಟಿಯಲ್ಲಿ ಸಿಗುತ್ತದೆ. ಕಾಲಕಾಲಕ್ಕೆ ಪರದೆಯ ಮೇಲಿನ ಪದಗಳು ಬದಲಾಗುವುದುಂಟು, ಹಂತಗಳು ಮಾತ್ರ ಅವೇ.

ಪರಿಶೀಲನೆಯಲ್ಲಿದೆ ಎಂದಿದ್ದರೆ ಸರದಿ ಯೂಟ್ಯೂಬ್‌ನದು. ಈ ಹೊತ್ತಿನಲ್ಲಿ ಅದೇ ಲಿಂಕಿಗೆ ಮತ್ತೆ ಮತ್ತೆ ದೂರು ಕೊಡುವುದರಿಂದ ಏನೂ ಬೇಗವಾಗದು.

ಹೆಚ್ಚಿನ ಮಾಹಿತಿ ಬೇಕು ಎಂದಿದ್ದರೆ ಸರದಿ ನಿಮ್ಮದು. ಬಹಳಷ್ಟು ದೂರುಗಳು ಸದ್ದಿಲ್ಲದೆ ಸತ್ತುಹೋಗುವುದು ಇಲ್ಲಿಯೇ, ಏಕೆಂದರೆ ಪ್ರಶ್ನೆ ಇಮೇಲ್‌ನಲ್ಲಿ ಬಂದಿರುತ್ತದೆ, ಅದನ್ನು ಯಾರೂ ತೆರೆದಿರುವುದಿಲ್ಲ. ಹೊಸ ದೂರು ಹಾಕದೆ, ಬಂದ ಆ ಇಮೇಲ್‌ಗೇ ಉತ್ತರಿಸಬೇಕು. ನಮ್ಮ ಮಹಿಳೆಯ ಮೂರನೆಯ ವಿಡಿಯೊಗೆ ಇಂಥ ಪ್ರಶ್ನೆ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ತಿರುಗಿಸಿದ ದೃಶ್ಯ ಮೇಲ್ನೋಟಕ್ಕೆ ಬೇರೆಯಂತೆ ಕಾಣುತ್ತದೆ. "ನನ್ನ ವಿಡಿಯೊದ 3ನೇ ನಿಮಿಷದಲ್ಲಿ ಕಿಟಕಿ ಎಡಕ್ಕಿದೆ, ನಕಲಿನ 2ನೇ ನಿಮಿಷದಲ್ಲಿ ಅದೇ ಕಿಟಕಿ ಬಲಕ್ಕಿದೆ, ಕೈಯ ಬಳೆಗಳೂ ಅವೇ" ಎಂದು ಕರಾರುವಾಕ್ಕಾಗಿ ಬರೆದರೆ ಓದುವವರ ಕೆಲಸ ಹಗುರ. ಎಡಿಟ್ ಮಾಡದ ಮೂಲ ಫೈಲುಗಳನ್ನು ಉಳಿಸಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ. ನಕಲು ಮಾಡಿದವರ ಬಳಿ ಅವು ಇರಲಾರವು.

ನಿಗದಿಯಾಗಿದೆ ಎಂದರೆ 7 ದಿನದ ಗಡುವು ಓಡುತ್ತಿದೆ, ಸರದಿ ಎದುರಿನವರದ್ದು. ಏಪ್ರಿಲ್ 14ಕ್ಕೆ ಗಡುವು ಶುರುವಾಗಿದ್ದರೆ ಮುಗಿಯುವುದು 21ಕ್ಕೆ. ಆ ನಡುವೆ ವಿಡಿಯೊ ಇನ್ನೂ ಕಾಣುತ್ತಿದೆಯಲ್ಲ ಎಂದು ಗಾಬರಿಪಡಬೇಕಿಲ್ಲ.

ತೆಗೆಯಲಾಗಿದೆ ಎಂದರೆ ನಿಮ್ಮ ದೂರನ್ನು ಒಪ್ಪಿ ಕ್ರಮ ಕೈಗೊಂಡಾಗಿದೆ, ಎದುರಿನವರಿಗೆ ಸ್ಟ್ರೈಕ್ ಬಿದ್ದಿದೆ. ಆಮೇಲೆ ಅವರು ವಿಡಿಯೊ ಅಳಿಸಿದರೂ ಸ್ಟ್ರೈಕ್ ಹೋಗುವುದಿಲ್ಲ. ಅವರಿಗೆ ಉಳಿಯುವುದು ಮೂರು ದಾರಿ: 90 ದಿನ ಕಾಯುವುದು, ದೂರು ಹಿಂಪಡೆಯುವಂತೆ ನಿಮ್ಮನ್ನೇ ಕೇಳಿಕೊಳ್ಳುವುದು, ಇಲ್ಲವೇ ಪ್ರತಿವಾದ ಸಲ್ಲಿಸುವುದು. ಕ್ಷಮೆ ಕೇಳಿದವರ ಮೇಲಿನ ದೂರನ್ನು ಇದೇ ಪಟ್ಟಿಯಿಂದ ಹಿಂಪಡೆಯಬಹುದು. ಅದಕ್ಕೆ ದುಡ್ಡು ಕೇಳುವುದು ಮಾತ್ರ ಅಪಾಯದ ದಾರಿ. ಮೈನ್‌ಕ್ರಾಫ್ಟ್ ಆಟದ ವಿಡಿಯೊ ಮಾಡುವವರ ಮೇಲೆ ಸುಳ್ಳು ದೂರು ಕೊಟ್ಟು ಹಣ ಕೇಳಿದನೆಂದು ಅಮೆರಿಕದ ನೆಬ್ರಾಸ್ಕದ ಒಬ್ಬನ ವಿರುದ್ಧ 2019ರಲ್ಲಿ ಯೂಟ್ಯೂಬೇ ಮೊಕದ್ದಮೆ ಹೂಡಿತು. ಅದೇ ವರ್ಷ ಅವನು 25,000 ಡಾಲರ್ ಕೊಡಲು ಒಪ್ಪಿ ರಾಜಿಯಾದ.

ಪ್ರತಿವಾದ ಬಂದಾಗ

ಎಲ್ಲಕ್ಕಿಂತ ಹೆಚ್ಚು ಜನ ತಪ್ಪು ಓದುವ ಸ್ಥಿತಿ ಇದು. ಮೊದಲನೆಯ ಚಾನೆಲ್‌ನವರು 7 ದಿನ ಸುಮ್ಮನಿದ್ದು, ವಿಡಿಯೊ ಹೋದ ಮೇಲೆ "ಇದು ನನ್ನದೇ, ತಪ್ಪಾಗಿ ತೆಗೆದಿದ್ದಾರೆ" ಎಂದು ಪ್ರತಿವಾದ ಸಲ್ಲಿಸಿದರು ಎನ್ನಿ. ಅದರಲ್ಲಿ ಅವರ ಪೂರ್ಣ ಹೆಸರು, ವಿಳಾಸ, ಫೋನ್ ಸಂಖ್ಯೆ ಇರಲೇಬೇಕು. ಯೂಟ್ಯೂಬ್ ಅದನ್ನು ದೂರು ಕೊಟ್ಟವರಿಗೆ ಕಳಿಸುತ್ತದೆ. ಕದ್ದವರಲ್ಲಿ ಬಹಳ ಮಂದಿ ತಮ್ಮ ಗುರುತು ಬಿಟ್ಟುಕೊಡಲು ಅಂಜಿ ಇಲ್ಲಿಯೇ ಹಿಂದೆ ಸರಿಯುತ್ತಾರೆ.

ಪ್ರತಿವಾದ ತಲುಪಿದ ಗಳಿಗೆಯಿಂದ ಸರದಿ ಮತ್ತೆ ನಿಮ್ಮದು, ಅವಧಿ ಅಮೆರಿಕದ ಲೆಕ್ಕದ 10 ಕೆಲಸದ ದಿನ. ಸೋಮವಾರ ತಲುಪಿದರೆ, ಶನಿವಾರ ಭಾನುವಾರ ಬಿಟ್ಟು, ಎರಡು ವಾರದ ನಂತರದ ಸೋಮವಾರಕ್ಕೆ ಮುಗಿಯುತ್ತದೆ. ಯುಗಾದಿ, ರಾಜ್ಯೋತ್ಸವದ ರಜೆಗಳು ಈ ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ನೀವು ನ್ಯಾಯಾಲಯಕ್ಕೆ ಹೋದ ದಾಖಲೆ ಕೊಡಬೇಕು. ಅದರಲ್ಲಿ ಅಪ್‌ಲೋಡ್ ಮಾಡಿದವರ ಹೆಸರು, ಆ ವಿಡಿಯೊದ ಲಿಂಕ್, ಅದನ್ನು ತಡೆಯಬೇಕೆಂಬ ಕೋರಿಕೆ ಇರಬೇಕು. "ಅವರು ಸುಳ್ಳು ಹೇಳುತ್ತಿದ್ದಾರೆ" ಎಂದು ಇಮೇಲ್ ಬರೆದರೆ ಸಾಲದು. ದಾಖಲೆ ಹೋಗದಿದ್ದರೆ ವಿಡಿಯೊ ಮರಳಿ ಬರುತ್ತದೆ, ಸ್ಟ್ರೈಕ್ ಅಳಿಯುತ್ತದೆ. ಯೂಟ್ಯೂಬ್ ಎದುರಿನವರನ್ನು ನಂಬಿತು ಎಂದು ಇದರ ಅರ್ಥವಲ್ಲ, ನಿಮ್ಮ ಸರದಿಯ ಸಮಯ ಮುಗಿಯಿತು ಎಂದಷ್ಟೇ ಅರ್ಥ.

ಇಲ್ಲಿ ನಮ್ಮ ಕಾನೂನಿನಲ್ಲಿ ಎರಡು ಅನುಕೂಲಗಳಿವೆ. ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹಕ್ಕುದಾರರು ತಾವು ವಾಸವಿರುವ ಅಥವಾ ವ್ಯವಹಾರ ನಡೆಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಕದ್ದವರು ದೂರದ ರಾಜ್ಯದವರಾದರೂ ಶಿರಸಿಯವರು ಅವರ ಊರಿಗೆ ಅಲೆಯಬೇಕಿಲ್ಲ. ಇನ್ನೊಂದು, ಕೃತಿಯನ್ನು ಮೊದಲೇ ನೋಂದಾಯಿಸಿರಬೇಕು ಎಂಬ ಷರತ್ತಿಲ್ಲ. ವಿಡಿಯೊ ಮಾಡಿದ ಕ್ಷಣದಿಂದಲೇ ಕಾಪಿರೈಟ್ ಇರುತ್ತದೆ. 2013ರ ಕಾಪಿರೈಟ್ ನಿಯಮಗಳಲ್ಲೂ ಒಂದು ಸಮಾನಾಂತರ ಹಾದಿ ಇದೆ. ಲಿಖಿತ ದೂರು ಬಂದು ಅದು ಸರಿಯೆನಿಸಿದರೆ ಮಧ್ಯವರ್ತಿ ತಾಣ 36 ಗಂಟೆಯೊಳಗೆ ಪ್ರವೇಶ ತಡೆಯಬೇಕು, 21 ದಿನದಲ್ಲಿ ನ್ಯಾಯಾಲಯದ ಆದೇಶ ಬರದಿದ್ದರೆ ಮರಳಿ ತೆರೆಯಬಹುದು. ದಿನದ ಲೆಕ್ಕ ಬೇರೆಯಾದರೂ ತರ್ಕ ಒಂದೇ: ತಾತ್ಕಾಲಿಕ ತಡೆ ತಾಣದ್ದು, ಕೊನೆಯ ಮಾತು ನ್ಯಾಯಾಲಯದ್ದು.

ಸುಳ್ಳು ದೂರಿನ ಹೊಣೆ

ತಮ್ಮ ಮಾತು ನಿಜವೆಂದು ಪ್ರಮಾಣೀಕರಿಸಿದ ಮೇಲೆಯೇ ಅರ್ಜಿ ಹೋಗುವುದು. ತಿಳಿದೂ ಸುಳ್ಳು ಹೇಳಿದರೆ ನಷ್ಟ ತುಂಬಿಕೊಡುವ ಹೊಣೆ ಕಾನೂನಿನಲ್ಲೇ ಇದೆ. ಇದು ಕಾಗದದ ಬೆದರಿಕೆಯಲ್ಲ. 2021ರ ಮೊದಲ ಆರು ತಿಂಗಳ ಲೆಕ್ಕವನ್ನು ಯೂಟ್ಯೂಬ್ ಪ್ರಕಟಿಸಿದಾಗ, ಎಲ್ಲರಿಗೂ ತೆರೆದಿರುವ ಅರ್ಜಿಯ ಮೂಲಕ ತೆಗೆಸಲು ಕೇಳಿದ ವಿಡಿಯೊಗಳಲ್ಲಿ ಶೇಕಡಾ 8ಕ್ಕೂ ಹೆಚ್ಚು ದುರುಪಯೋಗದ ದೂರುಗಳಿಗೆ ಗುರಿಯಾಗಿದ್ದವು. ಪರಿಶೀಲನೆಯಲ್ಲಿ ಕೇಳುವ ಪ್ರಶ್ನೆಗಳು ಪ್ರಾಮಾಣಿಕರಿಗೆ ಕಿರಿಕಿರಿ ಎನಿಸುತ್ತವೆ. ಅದೇ ಪ್ರಶ್ನೆಗಳೇ, ನಾಳೆ ಯಾರೋ ನಿಮ್ಮದೇ ವಿಡಿಯೊವನ್ನು ತನ್ನದೆಂದು ದೂರಿದಾಗ ನಿಮ್ಮನ್ನು ಕಾಯುವುದು.

ಹಾಗಾಗಿ ಒಂದು ಪುಟ್ಟ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು. ನಕಲಿನ ಲಿಂಕ್, ಕಂಡ ದಿನ, ಅದರ ಸ್ಕ್ರೀನ್‌ಶಾಟ್, ದೂರು ಕೊಟ್ಟ ದಿನ, ಬಂದ ಇಮೇಲ್, ಮುಂದಿನ ಗಡುವು. ಕದ್ದವರು ವಿಡಿಯೊ ಅಳಿಸಿಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಈ ಸ್ಕ್ರೀನ್‌ಶಾಟೇ. ದೂರು ಕೊಡುವ ದಿನವೇ ಇನ್ನೊಂದು ಪ್ರಶ್ನೆಗೆ ಉತ್ತರ ಕಂಡುಕೊಂಡಿರಬೇಕು: ಪ್ರತಿವಾದ ಬಂದರೆ ಈ ವಿಡಿಯೊಗಾಗಿ ನ್ಯಾಯಾಲಯಕ್ಕೆ ಹೋಗುತ್ತೇನೆಯೇ? ಹೋಗುವುದಾದರೆ ವಕೀಲರನ್ನು ಮೊದಲೇ ಮಾತಾಡಿಸಿಟ್ಟಿರಬೇಕು. 10 ದಿನದಲ್ಲಿ ವಕೀಲರನ್ನು ಹುಡುಕಿ, ದಾವೆ ಬರೆಸಿ, ಸಲ್ಲಿಸುವುದು ಕಷ್ಟ. ಹೋಗುವುದಿಲ್ಲ ಎಂದಾದರೂ ದೂರು ವ್ಯರ್ಥವಲ್ಲ, ಗುರುತು ಬಿಟ್ಟುಕೊಡಲು ಹಿಂಜರಿಯುವ ಕಳ್ಳರು ಆ ಹಂತಕ್ಕೆ ಬರುವುದೇ ಕಡಿಮೆ.